ವಿನೋಬನಗರದ ವಿಳಾಸ ಅವನಿಗೆ ಸಿಕ್ಕಿದ್ದು ಎಲ್ಲಿಂದ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಹೋದ ವಾರ ಬ್ಯಾಂಕಿನಿಂದ ಅಂತ ಒಬ್ಬ ಫೋನ್ ಮಾಡಿದ. ನನ್ನ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಡೆಬಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಬೆಳೆ ಸಾಲದ ವಿಷಯ ಎಲ್ಲ ಹೇಳಿದ. ವಿಳಾಸ ಮಾತ್ರ ಶಿವಮೊಗ್ಗ ವಿನೋಬನಗರದ್ದು ಹೇಳಿದ. ಅಲ್ಲಿಂದ ನಾವು ಬಂದು ಐದು ವರ್ಷ ಆಯ್ತು, ಹಾಗಾಗಿ ನಾನೇ ಈಗಿನ ವಿಳಾಸ ಹೇಳಿ ಸರಿಮಾಡಿಸಿದೆ. ಮೊಬೈಲಿಗೆ ಒಟಿಪಿ ಬಂತು, ಅದನ್ನು ಕೇಳುವಾಗ ನಮ್ಮನೆಯವರು ಫೋನ್ ಕಿತ್ತುಕೊಂಡು ಇಟ್ಟುಬಿಟ್ಟರು. ಬ್ಯಾಂಕಿನ ಒಳಗಿನವರಿಗಲ್ಲದೆ ಇಷ್ಟೆಲ್ಲ ಯಾರಿಗೆ ಗೊತ್ತಿರುತ್ತೆ? ಇನ್ನು ನಂಬರ್ ಬದಲಿಸಬೇಕಾ?

ಉತ್ತರ: ಅವನು ಹೇಳಿದ ವಿವರಗಳಲ್ಲಿ ತಪ್ಪಾಗಿದ್ದ ಒಂದನ್ನೇ ಮೊದಲು ನೋಡೋಣ, ಏಕೆಂದರೆ ಮಾಹಿತಿ ಯಾವ ಕಾಲದ್ದು ಎಂಬುದನ್ನು ಹೇಳುವುದು ಅದೇ. ತೀರ್ಥಹಳ್ಳಿಗೆ ಬಂದ ಮೇಲೆ ನೀವು ಬ್ಯಾಂಕಿನಲ್ಲಿ ವಿಳಾಸ ಬದಲಿಸಿದ್ದರೆ ಅಲ್ಲಿನ ಕಂಪ್ಯೂಟರ್ ತೋರಿಸುವುದು ಈಗಿನ ಮನೆಯನ್ನು. ಖಾತೆಯನ್ನು ಎದುರಿಗೆ ತೆರೆದಿಟ್ಟುಕೊಂಡವನು ವಿನೋಬನಗರ ಎನ್ನುವುದಿಲ್ಲ. ಹಾಗಾದರೆ ಅವನ ಕೈಯಲ್ಲಿದ್ದದ್ದು ಐದು ವರ್ಷಕ್ಕೂ ಹಿಂದಿನ ವಿಳಾಸವಿರುವ, ಎಲ್ಲೋ ಸೋರಿದ ಒಂದು ಪಟ್ಟಿ. ನೀವು ಶಿವಮೊಗ್ಗದಲ್ಲಿದ್ದಾಗ ಯಾವುದಾದರೂ ಆ್ಯಪ್‌ನಲ್ಲಿ ಊಟವೋ ಬಟ್ಟೆಯೋ ತರಿಸಿದ್ದರೆ, ಅಲ್ಲಿ ಬರೆದ ವಿಳಾಸವನ್ನು ಆಮೇಲೆ ಯಾರೂ ತಿದ್ದುವುದಿಲ್ಲ. ಸೋರಿಕೆಯಾದ ದಿನ ಹೇಗಿತ್ತೋ ಹಾಗೆಯೇ ಅದು ಉಳಿದಿರುತ್ತದೆ.

ಇಂಥ ಪಟ್ಟಿಗಳು ಎಷ್ಟು ದೊಡ್ಡವು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2021ರ ಮೇ ತಿಂಗಳಲ್ಲಿ ಡಾಮಿನೋಸ್ ಇಂಡಿಯಾದ ಸುಮಾರು 18 ಕೋಟಿ ಆರ್ಡರ್‌ಗಳ ಮಾಹಿತಿ ಹೊರಬಿತ್ತು. ಹೆಸರು, ಮೊಬೈಲ್ ನಂಬರ್, ಇಮೇಲ್, ತಲುಪಿಸಿದ ಮನೆಯ ವಿಳಾಸ ಎಲ್ಲ ಅದರಲ್ಲಿತ್ತು, ಮೊಬೈಲ್ ನಂಬರ್ ಹಾಕಿದರೆ ಆ ನಂಬರಿನ ಆರ್ಡರ್‌ಗಳು ಕಾಣುವಂತೆ ಯಾರೋ ಇಟ್ಟಿದ್ದರು. ಹಣಕಾಸಿನ ವಿವರ ಹೋಗಿಲ್ಲ ಎಂದು ಕಂಪನಿ ಹೇಳಿತು. ಅದು ನಿಜವಾಗಿದ್ದರೂ ವಂಚಕನಿಗೆ ನಷ್ಟವಿಲ್ಲ, ಅವನಿಗೆ ಬೇಕಾದದ್ದು ಹೆಸರು, ನಂಬರ್, ಮನೆ. ಅದೇ ವರ್ಷ ಏರ್ ಇಂಡಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ಮಾಹಿತಿ ಹೋಯಿತು, ಅದರಲ್ಲಿ ಹುಟ್ಟಿದ ತಾರೀಖೂ ಇತ್ತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಪಾಲಿಸಿ, ಕಾಯಿಲೆ, ವಿಳಾಸಗಳ ಕಾಗದಪತ್ರ ಟೆಲಿಗ್ರಾಂನಲ್ಲಿ ಸಿಗುತ್ತಿದ್ದವು. ನಿಮ್ಮ ಮಾಹಿತಿ ಇವುಗಳಿಂದಲೇ ಹೋಯಿತು ಎಂದು ಹೇಳುತ್ತಿಲ್ಲ. ಒಬ್ಬೊಬ್ಬರದ್ದೂ ಎರಡು ಮೂರು ಕಡೆಯಿಂದ ಹೋಗಿರುವುದು ಈಗ ಸಾಮಾನ್ಯ.

ಈ ಚೂರುಗಳನ್ನು ಒಂದಕ್ಕೊಂದು ಹೊಲಿಯುವ ದಾರ ನಿಮ್ಮ ಮೊಬೈಲ್ ನಂಬರ್. ಮನೆ ಬದಲಾದರೂ ಕಾರ್ಡ್ ಬದಲಾದರೂ ಹತ್ತಂಕಿಯ ನಂಬರ್ ಹತ್ತು ಹದಿನೈದು ವರ್ಷ ಹಾಗೇ ಇರುತ್ತದೆ. ಒಂದು ಪಟ್ಟಿಯಲ್ಲಿ ನಂಬರ್ ಜೊತೆ ವಿಳಾಸ, ಇನ್ನೊಂದರಲ್ಲಿ ನಂಬರ್ ಜೊತೆ ಹುಟ್ಟಿದ ತಾರೀಖು, ಮತ್ತೊಂದರಲ್ಲಿ ನಂಬರ್ ಜೊತೆ ಕಾರ್ಡಿನ ಕೊನೆಯ ನಾಲ್ಕಂಕಿ. ಮೂರನ್ನೂ ನಂಬರಿನ ಮೇಲೆ ಜೋಡಿಸಿದರೆ ಒಂದೇ ಸಾಲಿನಲ್ಲಿ ನೀವು ಪೂರ್ತಿ ನಿಂತಿರುತ್ತೀರಿ. ಆಮೇಲೆ ಪಿನ್‌ಕೋಡ್ ನೋಡಿ ಜಿಲ್ಲೆವಾರು ಬೇರ್ಪಡಿಸುವುದು ಸುಲಭ. 577ರಿಂದ ಶುರುವಾಗುವ ಸಾಲುಗಳನ್ನು ತೆಗೆದುಕೊಂಡವನಿಗೆ ಕನ್ನಡ ಬಲ್ಲ ಒಬ್ಬನನ್ನು ಫೋನಿಗೆ ಕೂರಿಸಿದರೆ ಸಾಕು.

ಕೊನೆಯ ನಾಲ್ಕಂಕಿ ಕೇಳಿ ನೀವು ಗಾಬರಿಯಾದದ್ದು ಸಹಜ, ಆದರೆ ಅದು ಗುಟ್ಟೇ ಅಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್‌ನಿಂದ ನಮ್ಮ ದೇಶದ ಆನ್‌ಲೈನ್ ಅಂಗಡಿಗಳು ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ, ಕೊನೆಯ ನಾಲ್ಕಂಕಿ ಮತ್ತು ಬ್ಯಾಂಕಿನ ಹೆಸರನ್ನು ಇಟ್ಟುಕೊಳ್ಳಬಹುದು. ಕಾರ್ಡ್ ಉಜ್ಜಿದಾಗ ಬರುವ ಚೀಟಿಯಲ್ಲೂ ಆ ನಾಲ್ಕಂಕಿ ಇರುತ್ತದೆ. ಇನ್ನು ಕೆಲವರು ಮೊದಲ ಅಂಕಿಗಳನ್ನು ಹೇಳಿ ನಂಬಿಸುತ್ತಾರೆ. ಕಾರ್ಡಿನ ಮೊದಲ ಆರು ಅಥವಾ ಎಂಟು ಅಂಕಿ ಬ್ಯಾಂಕನ್ನೂ ಕಾರ್ಡಿನ ಬಗೆಯನ್ನೂ ತೋರಿಸುವಂಥವು, ಆ ಬ್ಯಾಂಕಿನ ಅದೇ ಬಗೆಯ ಕಾರ್ಡ್ ಇರುವ ಎಲ್ಲರಿಗೂ ಒಂದೇ. ಹೀಗೆ ಮೊದಲ ಎಂಟು, ಕೊನೆಯ ನಾಲ್ಕು ತಾನೇ ಹೇಳಿ, "ಮಧ್ಯದ ನಾಲ್ಕು ಮಾತ್ರ ಹೇಳಿ ಮೇಡಂ, ಪೂರ್ತಿ ಬೇಡ" ಎನ್ನುವುದು ಹಳೆಯ ಪಟ್ಟು. ಆ ನಾಲ್ಕರಲ್ಲಿ ಹತ್ತು ಸಾವಿರ ಸಾಧ್ಯತೆ ಇದೆ. ಕಾರ್ಡಿನ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿಯಾದ್ದರಿಂದ ನಿಜವಾಗಿ ಹೊಂದುವುದು ಬರೀ ಒಂದು ಸಾವಿರ. ನಾಲ್ಕಂಕಿ ಹೇಳುವುದೂ ಪೂರ್ತಿ ಕಾರ್ಡ್ ಹೇಳುವುದೂ ಒಂದೇ.

ನಿಮ್ಮ ಕೈಯಲ್ಲಿರುವ ಕಾರ್ಡನ್ನು ಈಗ ತೆಗೆದು ನೋಡಿ. ಅವನು ಹೇಳಿದ ನಾಲ್ಕಂಕಿ ಈಗಿನ ಕಾರ್ಡಿನದ್ದೋ, ಅವಧಿ ಮುಗಿದು ಬದಲಾದ ಹಿಂದಿನದ್ದೋ? ಕಾರ್ಡ್ ಹೊಸದಾಗಿ ಬಂದಾಗ ಸಾಮಾನ್ಯವಾಗಿ ನಂಬರೂ ಬದಲಾಗಿರುತ್ತದೆ. ಹಳೆಯದ್ದಾದರೆ ವಿಳಾಸದಂತೆ ಅದೂ ಹಳೆಯ ಸೋರಿಕೆಯದ್ದೇ.

ಬೆಳೆ ಸಾಲದ ವಿಷಯದಲ್ಲಿ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಅವನು ಮೊತ್ತ ಹೇಳಿದನೇ, ಸರ್ವೆ ನಂಬರ್ ಹೇಳಿದನೇ? ಅಥವಾ "ನಿಮ್ಮ ಬೆಳೆ ಸಾಲದ ರಿನ್ಯೂವಲ್" ಎಂದಷ್ಟೇ ಅಂದು, ಉಳಿದದ್ದನ್ನು ನೀವೇ ಹೇಳಿದಿರೇ? ಅಡಿಕೆ ತೋಟದವರ ಊರಿಗೆ ಫೋನ್ ಮಾಡಿ ಬೆಳೆ ಸಾಲ ಎಂದರೆ ಹತ್ತರಲ್ಲಿ ಹಲವರಿಗೆ ತಾಗುತ್ತದೆ, ತಾಗದವರು ಫೋನ್ ಇಡುತ್ತಾರೆ, ಅಷ್ಟೆ. ತಾಗಿದವರಿಗೆ ಮಾತ್ರ "ಇವನಿಗೆ ಎಲ್ಲ ಗೊತ್ತು" ಅನಿಸುತ್ತದೆ. ಮೊತ್ತ ಸಮೇತ ಹೇಳಿದ್ದರೂ ಬ್ಯಾಂಕಿನವರನ್ನೇ ಶಂಕಿಸಬೇಕಿಲ್ಲ. ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿದರೆ ಸಾಕು, 11ನೇ ಕಾಲಂನಲ್ಲಿ ಯಾವ ಬ್ಯಾಂಕಿಗೆ ಜಮೀನು ಆಧಾರವಾಗಿದೆ ಎಂಬುದು ಇರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು, ಗಂಡನ ಅಥವಾ ತಂದೆಯ ಹೆಸರು, ವಯಸ್ಸು ಇರುತ್ತದೆ. ಇವು ಸೋರಿಕೆಯಲ್ಲ, ಸಾರ್ವಜನಿಕ ದಾಖಲೆ. ಸೋರಿಕೆಯ ಪಟ್ಟಿಗೆ ಇವನ್ನು ಸೇರಿಸಿದರೆ ಒಳಗಿನವನ ಹಾಗೆ ಮಾತಾಡಬಹುದು. ನಿಮ್ಮ ನಂಬರನ್ನು ಯುಪಿಐ ಆ್ಯಪ್‌ನಲ್ಲಿ ಹಾಕಿ ನೋಡಿದರೂ ಬ್ಯಾಂಕಿನಲ್ಲಿರುವ ನಿಮ್ಮ ಹೆಸರು ಕಾಣುತ್ತದೆ.

ಒಳಗಿನವರು ಮಾಹಿತಿ ಮಾರುವುದೇ ಇಲ್ಲ ಎಂದಲ್ಲ. ಅದನ್ನು ಗುರುತಿಸಲು ವಿವರ ಎಷ್ಟು ಹೊಸದು ಎಂಬುದನ್ನು ನೋಡಬೇಕು. ಮೊನ್ನೆ ಮಂಡಿಯಿಂದ ಬಂದ ಅಡಿಕೆ ದುಡ್ಡು, ನಿನ್ನೆ ತೆಗೆದ ಐದು ಸಾವಿರ, ಈಗ ಖಾತೆಯಲ್ಲಿರುವ ಬಾಕಿ, ಇಂಥವನ್ನು ಅವನು ಹೇಳಿದ್ದರೆ ಮಾತು ಬೇರೆ. ಬ್ಯಾಂಕಿಗೆ ಬರೆದು ದೂರು ಕೊಡಿ, ಜೊತೆಗೆ ನಿಮ್ಮ ಫೋನನ್ನೇ ಪರೀಕ್ಷಿಸಿ. ವಾಟ್ಸಾಪ್‌ನಲ್ಲಿ ಬಂದ ಆಮಂತ್ರಣ, ಕೆವೈಸಿ, ಸಬ್ಸಿಡಿ ಎಂಬ ಹೆಸರಿನ, ಕೊನೆಯಲ್ಲಿ .apk ಎಂದಿರುವ ಫೈಲನ್ನು ಯಾರಾದರೂ ಒತ್ತಿ ಹಾಕಿಕೊಂಡಿದ್ದರೆ ಅದು ಬ್ಯಾಂಕಿನಿಂದ ಬರುವ ಪ್ರತಿ ಮೆಸೇಜನ್ನೂ ಅವರಿಗೆ ಕಳಿಸುತ್ತಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ಮ್ಯಾನೇಜರ್ ತೆರೆದು, ಎಸ್‌ಎಂಎಸ್ ಓದುವ ಅನುಮತಿ ಯಾವ ಆ್ಯಪ್‌ಗಳಿಗಿದೆ ನೋಡಿ. ಗೊತ್ತಿಲ್ಲದ ಹೆಸರು ಕಂಡರೆ ಇಂಟರ್ನೆಟ್ ನಿಲ್ಲಿಸಿ, ಅದನ್ನು ತೆಗೆದುಹಾಕಿ, ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ. ನೀವು ಬರೆದದ್ದರಲ್ಲಿ ಅಂಥ ತಾಜಾ ವಿವರ ಯಾವುದೂ ಇಲ್ಲ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆಗೆ ಕಾರಣವಾದದ್ದು ನೀವು ವಿಳಾಸ ಸರಿಮಾಡಿಸಿದ್ದು. ಇದು ನಿಮ್ಮೊಬ್ಬರ ತಪ್ಪಲ್ಲ, ಯಾರಾದರೂ ತಪ್ಪು ಹೇಳಿದರೆ ತಿದ್ದುವುದು ನಮ್ಮ ಕಡೆಯವರ ಸಹಜ ಸೌಜನ್ಯ. ವಂಚಕ ಬಳಸಿಕೊಳ್ಳುವುದು ಅದನ್ನೇ. ಅವನ ಪಟ್ಟಿಯ ಸಾಲು ಹಳೆಯದಾಗಿತ್ತು, ನಿಮ್ಮ ಒಂದು ಮಾತಿನಿಂದ ಅದು ಹೊಸದಾಯಿತು. ಈ ನಂಬರಿನವರು ಫೋನ್ ಎತ್ತುತ್ತಾರೆ, ಮಾತಾಡುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ ಎಂಬುದೂ ಸೇರಿತು. ಮುಂದಿನ ಫೋನ್ ಬಂದಾಗ ವಿಳಾಸ ಸರಿಯಾಗಿಯೇ ಇರುತ್ತದೆ. ಬ್ಯಾಂಕಿನ ಹೆಸರಿನ ಬದಲು ಕೊರಿಯರ್, ಪೊಲೀಸ್, ವಿಮೆ ಹೀಗೆ ಬೇರೆ ಹೆಸರಿನಲ್ಲೂ ಬರಬಹುದು. ಮನೆಯಲ್ಲಿ ಫೋನ್ ಎತ್ತುವ ಎಲ್ಲರಿಗೂ, ಮುಖ್ಯವಾಗಿ ಹಿರಿಯರಿಗೆ, ಈ ವಿಷಯ ಇವತ್ತೇ ಹೇಳಿಡಿ. ಯಾರಾದರೂ ತಪ್ಪು ವಿವರ ಹೇಳಿದರೆ ತಪ್ಪಾಗಿಯೇ ಇರಲಿ, ಹೌದು ಎನ್ನುವುದೂ ಬೇಡ, ಅಲ್ಲ ಎನ್ನುವುದೂ ಬೇಡ.

ಕೆಲವರು ಬುದ್ಧಿವಂತಿಕೆಯಿಂದ ಎದುರು ಪ್ರಶ್ನೆ ಹಾಕುತ್ತಾರೆ: ಹಾಗಾದರೆ ನನ್ನ ತಂದೆಯ ಹೆಸರು ಹೇಳಿ, ಹುಟ್ಟಿದ ತಾರೀಖು ಹೇಳಿ ಎಂದು. ಇದು ಅಪಾಯದ ದಾರಿ, ಏಕೆಂದರೆ ಉತ್ತರ ಅವನ ಪಟ್ಟಿಯಲ್ಲಿ ಇದ್ದೇ ಇರಬಹುದು. ಸರಿಯುತ್ತರ ಕೇಳಿದ ಮೇಲೆ ನಮ್ಮ ಸಂಶಯ ಇನ್ನೂ ಕರಗುತ್ತದೆ. ಅವನಿಗೆ ಎಷ್ಟು ಗೊತ್ತು ಎಂಬುದರಿಂದ ಅವನು ಯಾರು ಎಂಬುದು ತಿಳಿಯುವುದಿಲ್ಲ. ಅವನು ಏನನ್ನು ಕೇಳುತ್ತಾನೆ ಎಂಬುದರಿಂದ ತಿಳಿಯುತ್ತದೆ. ಎಷ್ಟು ಹಳೆಯ ಸೋರಿಕೆ ಕೈಯಲ್ಲಿದ್ದರೂ ಅದರಲ್ಲಿ ಸಿಗದ ವಸ್ತು ಒಟಿಪಿ, ಅದು ಆ ಗಳಿಗೆಯಲ್ಲಿ ಹುಟ್ಟಿ ಕೆಲವೇ ನಿಮಿಷಕ್ಕೆ ಸಾಯುತ್ತದೆ. ಯುಪಿಐ ಪಿನ್ ಯಾವ ಅಂಗಡಿಯ ಪಟ್ಟಿಯಲ್ಲೂ ಇರುವುದಿಲ್ಲ. ಹತ್ತು ವಿಷಯ ತಾನೇ ಹೇಳಿ ಹನ್ನೊಂದನೆಯದನ್ನು ನಿಮ್ಮಿಂದ ಕೇಳುತ್ತಾನಲ್ಲ, ಆ ಹನ್ನೊಂದನೆಯದು ಹೆಚ್ಚಾಗಿ ಇವುಗಳಲ್ಲಿ ಒಂದು.

ಅವನು ಕೇಳಿದ ಒಟಿಪಿಯ ಮೆಸೇಜ್ ಇನ್ನೂ ನಿಮ್ಮ ಫೋನಿನಲ್ಲಿದ್ದರೆ ಅಳಿಸಬೇಡಿ, ಪೂರ್ತಿ ಓದಿ. ಅಂಕಿಯನ್ನಷ್ಟೇ ಅಲ್ಲ, ಅದು ಯಾತಕ್ಕೆ ಬಂದದ್ದು ಎಂಬ ಸಾಲನ್ನು ನೋಡಿ. ಅವನ ಕೈಯಲ್ಲಿ ನಿಜಕ್ಕೂ ಏನಿತ್ತು ಎಂಬುದು ಅಲ್ಲಿ ಬರೆದಿರುತ್ತದೆ.

ಯಾವುದೋ ಅಂಗಡಿಯ ಹೆಸರೂ ಒಂದು ಮೊತ್ತವೂ ಅದರಲ್ಲಿದ್ದು ಕಾರ್ಡಿನ ಖರೀದಿ ಎಂದಿದ್ದರೆ, ಕಾರ್ಡ್ ನಂಬರ್, ಅವಧಿಯ ತಿಂಗಳು, ಕಾರ್ಡಿನ ಹಿಂಬದಿಯ ಮೂರಂಕಿಯ ಸಿವಿವಿ ಅವನಲ್ಲಿ ಆಗಲೇ ಇದ್ದವು ಎಂದು ತಿಳಿಯಬೇಕು, ಏಕೆಂದರೆ ಅವನ್ನು ತುಂಬಿದ ಮೇಲೆಯೇ ಒಟಿಪಿ ಹೊರಡುವುದು. ಮಾತಿನ ನಡುವೆ ನೀವೇ ಹೇಳಿರಬಹುದು, ನೆನಪಿಸಿಕೊಳ್ಳಿ. ಹೇಗೇ ಹೋಗಿದ್ದರೂ ಆ ಕಾರ್ಡನ್ನು ಇವತ್ತೇ ಬ್ಲಾಕ್ ಮಾಡಿ ಹೊಸದು ಪಡೆಯಿರಿ. ಒಟಿಪಿ ಕೊಡಲಿಲ್ಲವಲ್ಲ ಎಂದು ಸುಮ್ಮನಿರಬೇಡಿ, ಹೊರದೇಶದ ಕೆಲವು ಜಾಲತಾಣಗಳು ಒಟಿಪಿ ಕೇಳದೆಯೇ ಕಾರ್ಡಿನಿಂದ ಹಣ ಪಡೆಯುತ್ತವೆ. ಹೊಸ ಕಾರ್ಡ್ ಬಂದ ಮೇಲೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಕಂಟ್ರೋಲ್ ಎಂಬಂಥ ಜಾಗದಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ನಿಲ್ಲಿಸಿಡಿ. ಆನ್‌ಲೈನ್ ಖರೀದಿಯ ಮಿತಿಯನ್ನು ನಿಮಗೆ ಬೇಕಾದಷ್ಟಕ್ಕೆ, ಎರಡೋ ಮೂರೋ ಸಾವಿರಕ್ಕೆ ಇಳಿಸಿ. ಈ ಸೌಲಭ್ಯ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2020ರಿಂದ ಇದೆ. ಆ್ಯಪ್ ಬಳಸದವರು ಶಾಖೆಯಲ್ಲಿ ಹೇಳಿ ಮಾಡಿಸಿಕೊಳ್ಳಬಹುದು.

ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಾವಣೆ ಎಂದಿದ್ದರೆ ಅವನು ನಿಮ್ಮ ಖಾತೆಯ ಬಾಗಿಲಲ್ಲೇ ನಿಂತಿದ್ದ ಎಂದರ್ಥ, ಬ್ಯಾಂಕಿಗೆ ಹೇಳಿ ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಬದಲಿಸಿ. ಯುಪಿಐ ಪಿನ್ ಹೊಂದಿಸಲು ಬಂದ ಒಟಿಪಿಯಾದರೆ ಇನ್ನೊಂದು ಗುರುತೂ ಇರುತ್ತದೆ: ಕಾರ್ಡಿನ ಕೊನೆಯ ಆರು ಅಂಕಿಯನ್ನೂ ಅವಧಿಯನ್ನೂ ಕೇಳಿರುತ್ತಾನೆ, ಅರ್ಥವಾಗದ ಅಕ್ಷರಗಳ ಒಂದು ಮೆಸೇಜನ್ನು ನಿಮ್ಮ ಫೋನಿನಿಂದ ಯಾವುದೋ ನಂಬರಿಗೆ ಕಳಿಸಲು ಹೇಳಿರುತ್ತಾನೆ. ಆ ಮೆಸೇಜ್ ಅವನ ಫೋನನ್ನು ನಿಮ್ಮ ಸಿಮ್ಮಿಗೆ ಕಟ್ಟುವ ಹಗ್ಗ. ಇಂಥದ್ದನ್ನು ಕಳಿಸಿದ್ದರೆ ಬ್ಯಾಂಕಿಗೆ ಹೇಳಿ ಖಾತೆಯ ಯುಪಿಐ ನಿಲ್ಲಿಸಿ, ಆಮೇಲೆ ಹೊಸದಾಗಿ ಶುರುಮಾಡಿ. ಬರೀ ಯಾವುದೋ ಆ್ಯಪ್‌ಗೆ ಸೇರುವ ಒಟಿಪಿಯಾಗಿದ್ದರೆ ಅದನ್ನು ಹೊರಡಿಸಲು ಅವನಿಗೆ ನಿಮ್ಮ ನಂಬರ್ ಬಿಟ್ಟು ಹೆಚ್ಚೇನೂ ಬೇಕಿರಲಿಲ್ಲ, ಕಾರ್ಡ್ ಬದಲಿಸುವ ಅಗತ್ಯವಿಲ್ಲ.

ನಂಬರ್ ಬದಲಿಸಬೇಡಿ. ಅದರಿಂದ ತೊಂದರೆ ಕಡಿಮೆಯಾಗುವುದಿಲ್ಲ, ಹೆಚ್ಚಾಗಬಹುದು. ನೀವು ಬಿಟ್ಟ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ, ಆಮೇಲೆ ಅದು ಬೇರೆ ಗಿರಾಕಿಯ ಕೈಗೆ ಹೋಗಬಹುದು. ಬ್ಯಾಂಕ್, ಆಧಾರ್, ಗ್ಯಾಸ್, ಇಮೇಲ್, ಸೊಸೈಟಿ ಎಲ್ಲೆಲ್ಲಿ ಹಳೆಯ ನಂಬರ್ ಉಳಿದಿರುತ್ತದೋ ಅಲ್ಲಿಯ ಒಟಿಪಿಗಳು ಅವರಿಗೆ ಹೋಗುತ್ತವೆ. ನಂಬರನ್ನು ಉಳಿಸಿಕೊಂಡು ಅದನ್ನು ಕಾಯುವುದೇ ಸರಿ. ಹೆಸರು, ಹುಟ್ಟಿದ ತಾರೀಖು, ವಿಳಾಸ ಕೈಯಲ್ಲಿದ್ದವನು ನಿಮ್ಮ ಹೆಸರಿನಲ್ಲಿ ಡೂಪ್ಲಿಕೇಟ್ ಸಿಮ್ ಕೇಳಲು ಪ್ರಯತ್ನಿಸಬಹುದು, ಆಗ ನಿಮ್ಮ ಫೋನಿನ ಸಿಗ್ನಲ್ ಪೂರ್ತಿ ಹೋಗುತ್ತದೆ. ಪೇಟೆಯಲ್ಲಾದರೆ ಜನ ತಕ್ಷಣ ಎಚ್ಚೆತ್ತುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಕರೆಂಟ್ ಹೋದರೆ, ಮಳೆ ಹಿಡಿದರೆ ಟವರ್ ಹೋಗುವುದು ರೂಢಿಯಾದ್ದರಿಂದ ಎರಡು ದಿನವಾದರೂ ಯಾರೂ ಕೇಳುವುದಿಲ್ಲ. ಒಂದು ಸುಲಭ ಪರೀಕ್ಷೆ ಇದೆ: ಮನೆಯಲ್ಲೋ ಪಕ್ಕದ ಮನೆಯಲ್ಲೋ ಅದೇ ಕಂಪನಿಯ ಇನ್ನೊಂದು ಸಿಮ್ಮಿಗೆ ಸಿಗ್ನಲ್ ಇದ್ದು ನಿಮ್ಮದಕ್ಕೆ ಮಾತ್ರ ಇಲ್ಲದಿದ್ದರೆ, ಫೋನ್ ಆರಿಸಿ ಹಚ್ಚಿದ ಮೇಲೂ ಬರದಿದ್ದರೆ, ಬೇರೆ ಫೋನಿನಿಂದ ಕೂಡಲೇ ಕಂಪನಿಯನ್ನು ಕೇಳಿ. ಬದಲಾದ ಸಿಮ್ಮಿಗೆ ಮೊದಲ 24 ಗಂಟೆ ಎಸ್‌ಎಂಎಸ್ ಹೋಗದಂತೆ ತಡೆ ಇರುತ್ತದೆ, ನಿಮಗೆ ಸಿಗುವ ಸಮಯ ಅಷ್ಟು.

ಬದಲಿಸಬೇಕಾದದ್ದು ಪಾಸ್‌ವರ್ಡ್. haveibeenpwned.com ಎಂಬ ತಾಣದಲ್ಲಿ ನಿಮ್ಮ ಇಮೇಲ್ ಹಾಕಿದರೆ ಅದು ಯಾವ ಯಾವ ಸೋರಿಕೆಯಲ್ಲಿ ಕಂಡಿದೆ, ಯಾವ ವರ್ಷ, ಏನೇನು ಹೋಗಿದೆ ಎಂದು ತೋರಿಸುತ್ತದೆ. ಹಣ ಕೊಡಬೇಕಿಲ್ಲ, ಪಾಸ್‌ವರ್ಡ್ ಕೊಡಬೇಕಿಲ್ಲ. ಅಲ್ಲಿ ಕಾಣದಿದ್ದರೆ ಸೋರಿಲ್ಲ ಎಂದಲ್ಲ, ಆ ತಾಣಕ್ಕೆ ಸಿಕ್ಕಿದ ಪಟ್ಟಿಗಳಲ್ಲಿ ಇಲ್ಲ ಎಂದಷ್ಟೇ. ಕಂಡ ಕಡೆ ಬಳಸಿದ್ದ ಪಾಸ್‌ವರ್ಡನ್ನೇ ಬೇರೆಲ್ಲಾದರೂ ಇಟ್ಟಿದ್ದರೆ ಅಲ್ಲೂ ಬದಲಿಸಿ. ಇಮೇಲಿನಿಂದ ಶುರುಮಾಡಿ, ಉಳಿದೆಲ್ಲ ಪಾಸ್‌ವರ್ಡ್ ಮರೆತಾಗ ಹೊಸದು ಬರುವುದು ಅಲ್ಲಿಗೇ. ಇಮೇಲಿಗೆ ಎರಡು ಹಂತದ ಪರಿಶೀಲನೆಯನ್ನೂ ಹಾಕಿ.

ಮುಂದೆ ಇಂಥ ಫೋನ್ ಬಂದಾಗ ಉತ್ತರ ಒಂದೇ ಇರಲಿ: "ನಾನೇ ಬ್ಯಾಂಕಿಗೆ ಫೋನ್ ಮಾಡುತ್ತೇನೆ." ಇಷ್ಟು ಹೇಳಿ ಇಡಿ. ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್‌ನಲ್ಲಿ ಅಚ್ಚಾದ ನಂಬರಿಗೆ ಮಾಡಿ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ಬೇಡ, ಅಲ್ಲಿ ವಂಚಕರೇ ತಮ್ಮ ನಂಬರ್ ಹಾಕಿರುತ್ತಾರೆ. ಅವನು ಮೆಸೇಜಿನಲ್ಲಿ ಕಳಿಸಿದ ನಂಬರೂ ಬೇಡ. ಬ್ಯಾಂಕುಗಳ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ಸಾಲನ್ನು ಮೀಸಲಿಡಲಾಗಿದೆ. ಮಾಮೂಲಿ ಹತ್ತಂಕಿಯ ಮೊಬೈಲಿನಿಂದ "ಬ್ಯಾಂಕಿನ ಮುಖ್ಯ ಕಚೇರಿ" ಎಂದರೆ ಸಂಶಯಪಡಲು ಅದೊಂದೇ ಸಾಕು. ನಮ್ಮ ಊರುಗಳ ಶಾಖೆಯವರು ತಮ್ಮ ಸ್ವಂತ ಮೊಬೈಲಿನಿಂದಲೂ ಫೋನ್ ಮಾಡುವುದುಂಟು ನಿಜ, ಆದರೆ ಅವರಿಗೆ ನಿಮ್ಮ ಒಟಿಪಿಯಿಂದ ಆಗಬೇಕಾದ ಕೆಲಸ ಯಾವುದೂ ಇಲ್ಲ. ನಾಳೆ ಶಾಖೆಗೇ ಬರುತ್ತೇನೆ ಎಂದರೆ ನಿಜವಾದವರು ಬನ್ನಿ ಎನ್ನುತ್ತಾರೆ. ಇವತ್ತು ಸಂಜೆಯೊಳಗೆ ಖಾತೆ ನಿಲ್ಲುತ್ತದೆ ಎನ್ನುವವನು ಬೇರೆ.

ನಿಮ್ಮ ಹಣ ಹೋಗಿಲ್ಲವಾದ್ದರಿಂದ ಆ ನಂಬರನ್ನು sancharsaathi.gov.in ನಲ್ಲಿ ವಂಚನೆಯ ಕರೆಗಳನ್ನು ತಿಳಿಸಲೆಂದೇ ಇರುವ ಚಕ್ಷು ವಿಭಾಗದಲ್ಲಿ ದಾಖಲಿಸಿ. ಫೋನ್ ಬಂದ ದಿನ, ಸಮಯ, ಅವನು ಹೇಳಿದ್ದೇನು ಎಂಬುದಿಷ್ಟನ್ನು ತುಂಬಿದರಾಯಿತು.

ಯಾರದ್ದಾದರೂ ಒಟಿಪಿ ಹೋಗಿಯೇಬಿಟ್ಟಿದ್ದರೆ ಲೆಕ್ಕ ನಿಮಿಷದ್ದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಅದೇ ಹೊತ್ತಿಗೆ ಬ್ಯಾಂಕಿಗೆ ಮಾಡಲಿ. ಹಣ ಹೋದ ಸಮಯ, ಮೊತ್ತ, ಮೆಸೇಜಿನಲ್ಲಿರುವ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. 1930 ಸಿಗದಿದ್ದರೆ cybercrime.gov.in ನಲ್ಲಿ ದೂರು ತುಂಬಿ, ಆಮೇಲೆ ಸೈಬರ್ ಅಪರಾಧಗಳನ್ನು ನೋಡುವ ಶಿವಮೊಗ್ಗದ ಸಿಇಎನ್ ಠಾಣೆಗೋ ಹತ್ತಿರದ ಠಾಣೆಗೋ ಹೋಗಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ, ದಾರಿಯಲ್ಲಿ ಯಾವುದಾದರೂ ಖಾತೆಯಲ್ಲಿ ಅದು ನಿಂತಿರುವಾಗ ತಡೆ ಬಿದ್ದರೆ ಮಾತ್ರ ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೂ ಬ್ಯಾಂಕೂ ಕಾರಣರಲ್ಲದ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ. ಒಟಿಪಿ ತಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರ ಮೇಲೆ, ತಿಳಿಸಿದ ನಂತರ ಆದದ್ದು ಬ್ಯಾಂಕಿನ ಮೇಲೆ. ಆದ್ದರಿಂದ ಫೋನಿನಲ್ಲಿ ಹೇಳಿದ ಕೂಡಲೇ ದೂರಿನ ಸಂಖ್ಯೆ ಕೇಳಿ, ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳಿ.